ಮೊತ್ತ ಸರಿಯಿತ್ತು, ತೆರಿಗೆ ತಪ್ಪಿತ್ತು: ಒಂದು ಎಲೆಕ್ಟ್ರಿಕಲ್ ಅಂಗಡಿಯ ಬಿಲ್ ಶೀಟ್

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಎಲೆಕ್ಟ್ರಿಕಲ್ ಅಂಗಡಿಯ ಕತೆ ಇದು. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಬಿಲ್‌ನಲ್ಲಿದ್ದ ಸಾಮಾನುಗಳನ್ನೂ ಸ್ವಲ್ಪ ಅದಲು ಬದಲು ಮಾಡಿದ್ದೇನೆ, ಆದರೆ ಲೆಕ್ಕದ ತಪ್ಪು ಇದ್ದ ಹಾಗೇ ಇದೆ. ನಾನು ಆ ಬೀದಿಯ ನಾಲ್ಕಾರು ಅಂಗಡಿಗಳಿಗೆ ತಿಂಗಳ ಲೆಕ್ಕ ಬರೆದುಕೊಡುವವನು. ಈ ಅಂಗಡಿಯೂ ಅದರಲ್ಲೊಂದು.

ಶೀಟ್ ಬಂದ ಬಗೆ

ಅಂಗಡಿಯಲ್ಲಿ ಎರಡು ಥರದ ವ್ಯಾಪಾರ. ಬಲ್ಬು, ಟೇಪು, ಪ್ಲಗ್ಗು ಎಂದು ಕೌಂಟರ್‌ಗೆ ಬರುವವರಿಗೆ ಸಣ್ಣ ಬಿಲ್ಲಿಂಗ್ ಮೆಷಿನ್ ಇದೆ. ಅದರಲ್ಲಿ ಯಾವ ತೊಂದರೆಯೂ ಇರಲಿಲ್ಲ. ಮನೆ ಕಟ್ಟುವವರು, ವೈರಿಂಗ್ ಗುತ್ತಿಗೆದಾರರು ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಸಾವಿರದ ಮಾಲು ಒಯ್ಯುತ್ತಾರೆ. ಅವರಿಗೆ ಯಜಮಾನರು ಬಿಲ್‌ಬುಕ್ಕಿನಲ್ಲಿ ಕೈಯಲ್ಲೇ ಬರೆದು ಕೊಡುತ್ತಿದ್ದರು. ಕೈಬರಹ ಅವರಿಗೇ ಓದಲಾಗುತ್ತಿರಲಿಲ್ಲ.

ಅವರ ಅಕ್ಕನ ಮಗ ಬಿ.ಕಾಂ. ಮುಗಿಸಿ ಅಂಗಡಿಗೆ ಬಂದು ಕೂತ. ಚುರುಕು ಹುಡುಗ. ಬಂದ ಮೊದಲ ವಾರದಲ್ಲೇ ಎಕ್ಸೆಲ್‌ನಲ್ಲಿ ಒಂದು ಶೀಟ್ ಮಾಡಿದ. ಸಾಮಾನು, ಸಂಖ್ಯೆ, ಎಂಆರ್‌ಪಿ, ರಿಯಾಯಿತಿ ಹಾಕಿದರೆ ಉಳಿದದ್ದೆಲ್ಲ ತಾನೇ ಬರುತ್ತಿತ್ತು. ನೋಡಲು ಚೆಂದವಾಗಿಯೂ ಇತ್ತು. ಮೂರು ವಾರದಲ್ಲಿ ಅದರಿಂದ ಹತ್ತು ಬಿಲ್ ಹೊರಟವು. ಯಾವ ಗಿರಾಕಿಯೂ ತಕರಾರು ಮಾಡಲಿಲ್ಲ. ಯಾಕೆ ಮಾಡುತ್ತಾರೆ? ಕೊಡಬೇಕಾದ ಹಣ ಎಲ್ಲ ಬಿಲ್‌ನಲ್ಲೂ ಸರಿಯಾಗಿಯೇ ಇತ್ತು.

ತಕರಾರು ಬಂದದ್ದು ಒಬ್ಬ ಗುತ್ತಿಗೆದಾರರ ಆಫೀಸಿನಲ್ಲಿ ಲೆಕ್ಕ ನೋಡುವ ಹೆಂಗಸಿನಿಂದ. ಆಕೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿದರು. "ಸರ್, ನಿಮ್ಮ ಬಿಲ್ ನಮ್ಮ ಸಾಫ್ಟ್‌ವೇರ್‌ನಲ್ಲಿ ಕೂರ್ತಾ ಇಲ್ಲ. ತೆರಿಗೆಗೆ ಒಳಪಡುವ ಮೌಲ್ಯ ಹಾಕಿ 18 ಪರ್ಸೆಂಟ್ ಆರಿಸಿದ್ರೆ ಸಿಜಿಎಸ್‌ಟಿ 1,386 ಬರುತ್ತೆ, ನೀವು 1,690 ಬರೆದಿದ್ದೀರಿ. ಆಮೇಲೆ ಇದೇನು ಸರ್, ರೌಂಡ್ ಆಫ್ 283 ರೂಪಾಯಿ 60 ಪೈಸೆ?"

ಆ ಬಿಲ್

ಬಿಲ್‌ನಲ್ಲಿ ನಾಲ್ಕೇ ಸಾಲು. ಎಲ್ಲದಕ್ಕೂ ಜಿಎಸ್‌ಟಿ ದರ 18%, ಅದರಲ್ಲಿ ಅರ್ಧ ಕೇಂದ್ರದ ಪಾಲು ಸಿಜಿಎಸ್‌ಟಿ, ಅರ್ಧ ರಾಜ್ಯದ ಪಾಲು ಎಸ್‌ಜಿಎಸ್‌ಟಿ. ಎಂಆರ್‌ಪಿ ಮೇಲೆ 12% ರಿಯಾಯಿತಿ.

| ಸಾಮಾನು | ಸಂಖ್ಯೆ | ಎಂಆರ್‌ಪಿ | ಮೊತ್ತ | 12% ಕಳೆದು |
|---|---|---|---|---|
| ವೈರ್ ಕಾಯಿಲ್ | 4 | 1,850 | 7,400 | 6,512.00 |
| ಸೀಲಿಂಗ್ ಫ್ಯಾನ್ | 3 | 2,950 | 8,850 | 7,788.00 |
| ಸ್ವಿಚ್ | 40 | 68 | 2,720 | 2,393.60 |
| ಪೈಪ್ | 25 | 95 | 2,375 | 2,090.00 |
| ಒಟ್ಟು | | | 21,345 | 18,783.60 |

ಇಲ್ಲಿಯವರೆಗೆ ಎಲ್ಲ ಸರಿ. ಕೆಳಗೆ ತೆರಿಗೆಗೆ ಒಳಪಡುವ ಮೌಲ್ಯ 15,402.55, ಜಿಎಸ್‌ಟಿ 3,381.05, ರೌಂಡ್ ಆಫ್ ಮೈನಸ್ 283.60, ಕೊಡಬೇಕಾದ್ದು 18,500 ಎಂದಿತ್ತು. ಹುಡುಗ ಬರೆದಿದ್ದ ಸೂತ್ರಗಳು ಹೀಗಿದ್ದವು. E ಎಂದರೆ ರಿಯಾಯಿತಿ ಕಳೆದ ಮೊತ್ತ, G ತೆರಿಗೆ, H ತೆರಿಗೆಗೆ ಒಳಪಡುವ ಮೌಲ್ಯ.

```
G2: =E2*18%
H2: =E2-G2
```

"ಎಂಆರ್‌ಪಿಯಲ್ಲಿ ಟ್ಯಾಕ್ಸ್ ಸೇರಿರುತ್ತೆ, ಅದಕ್ಕೆ ಒಳಗಿಂದ 18 ಪರ್ಸೆಂಟ್ ತೆಗೆದೆ" ಎಂದು ಆಮೇಲೆ ಹೇಳಿದ. ಮಾತು ಕೇಳಲು ಸರಿಯಾಗಿಯೇ ಇದೆ ಅಲ್ವಾ? ಅದಕ್ಕೇ ಈ ತಪ್ಪು ಇಷ್ಟು ಸಾಮಾನ್ಯ.

ಮೊದಲ ರಿಪೇರಿ, ಮರುದಿನದ ರಟ್ಟಿನ ಪೆಟ್ಟಿಗೆ

ಫೋನ್ ಬಂದ ಸಂಜೆ ಹುಡುಗ ನನ್ನನ್ನು ಕೇಳಲಿಲ್ಲ, ತಾನೇ ಸರಿಮಾಡಿದ. ತೆರಿಗೆಯನ್ನು ಮೊತ್ತದಿಂದ ಕಳೆದರೆ ತಾನೇ ಲೆಕ್ಕ ಕೂರದಿರುವುದು, ಕೂಡಿಸಿದರೆ ಕೂರುತ್ತದೆ ಎಂದು ಯೋಚಿಸಿದ. ರಿಯಾಯಿತಿ ಕಳೆದ ಮೊತ್ತವನ್ನೇ ತೆರಿಗೆಗೆ ಒಳಪಡುವ ಮೌಲ್ಯ ಮಾಡಿ ಅದರ ಮೇಲೆ 18% ಸೇರಿಸಿದ. ಈಗ ತೆರಿಗೆಯನ್ನು ಮೌಲ್ಯದಿಂದ ಭಾಗಿಸಿದರೆ ನೆಟ್ಟಗೆ 18% ಬರುತ್ತಿತ್ತು. ಸಾಫ್ಟ್‌ವೇರ್‌ನಲ್ಲೂ ಕೂರುತ್ತಿತ್ತು. ಖುಷಿಯಾಗಿ ಮನೆಗೆ ಹೋದ.

ಮರುದಿನ ಬೆಳಿಗ್ಗೆ ಒಬ್ಬರು ಒಂದು ಸೀಲಿಂಗ್ ಫ್ಯಾನ್ ಕೊಂಡರು. ಗೃಹಪ್ರವೇಶದ ಲೆಕ್ಕಕ್ಕೆ ಬೇಕೆಂದು ದೊಡ್ಡ ಬಿಲ್ಲೇ ಕೇಳಿದರು. ಮಧ್ಯಾಹ್ನ ಅವರು ಫ್ಯಾನಿನ ಖಾಲಿ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ವಾಪಸ್ ಬಂದರು. ಪೆಟ್ಟಿಗೆಯ ಮೇಲೆ ಎಂಆರ್‌ಪಿ ₹2,950, ಪಕ್ಕದಲ್ಲೇ ಎಲ್ಲ ತೆರಿಗೆಗಳೂ ಸೇರಿ ಎಂಬ ಒಕ್ಕಣೆ. ಕೈಯಲ್ಲಿದ್ದ ಬಿಲ್ ₹3,063. "12 ಪರ್ಸೆಂಟ್ ಬಿಟ್ಟಿದ್ದೀರಿ ಅಂತ ನೀವೇ ಬರೆದಿದ್ದೀರಿ. ಬಿಟ್ಟ ಮೇಲೆ ಜಾಸ್ತಿ ಆಗೋದು ಹೇಗೆ ಯಜಮಾನ್ರೇ?" ಎಂದು ಕೇಳಿದರು. ಜಗಳದ ದನಿಯಲ್ಲಿ ಅಲ್ಲ, ನಿಜವಾಗಿ ಅರ್ಥವಾಗದೆ.

ಪ್ಯಾಕ್ ಮಾಡಿದ ಮಾಲಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿರಲೇಬೇಕು. ಲೀಗಲ್ ಮೆಟ್ರಾಲಜಿಯ 2011ರ ಪ್ಯಾಕೇಜ್ ನಿಯಮಗಳು ಹೇಳುವುದೇ ಅದು. ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದು ಬರೀ ಲೆಕ್ಕದ ತಪ್ಪಲ್ಲ, ಅಪರಾಧ. ಮೊದಲ ಶೀಟ್‌ನ ತಪ್ಪಿನಿಂದ ಯಾವ ಗಿರಾಕಿಗೂ ಒಂದು ರೂಪಾಯಿ ನಷ್ಟ ಆಗಿರಲಿಲ್ಲ. ರಿಪೇರಿ ಮಾಡಿದ ಶೀಟ್ ಮೊದಲ ದಿನವೇ ಗಿರಾಕಿಯ ಜೇಬಿಗೆ ಕೈ ಹಾಕಿತ್ತು. ಆಗ ಯಜಮಾನರು ನನಗೆ ಫೋನ್ ಮಾಡಿದರು.

ಯಾವ ಬೆಲೆಯ ಮೇಲೆ?

ನಾನು ಹೋಗಿ ಕೂತಾಗ ಗಲ್ಲಾದ ಸುತ್ತ ಮೂರು ಅಭಿಪ್ರಾಯ ಇದ್ದವು. ಹುಡುಗನದು, ಕೂಡಿಸಬೇಕು ಎಂದು. ಯಜಮಾನರದು, ಮೊದಲಿನ ಶೀಟೇ ಸರಿ, ಮೊತ್ತ ಹೊಂದುತ್ತಿತ್ತಲ್ಲ ಎಂದು. ಪಕ್ಕದ ಅಂಗಡಿಯವರು ಚಹಾ ಕುಡಿಯಲು ಬಂದವರು ಮೂರನೆಯದನ್ನು ಸೇರಿಸಿದರು: "ರಿಯಾಯಿತಿ ನೀವು ಕೊಡೋದು, ಸರ್ಕಾರ ಯಾಕೆ ಬಿಡುತ್ತೆ? ಟ್ಯಾಕ್ಸ್ ಎಂಆರ್‌ಪಿ ಮೇಲೇ ಕಟ್ಟಬೇಕು."

ಸುಮ್ನೆ ವಾದ ಮಾಡುವ ಬದಲು ಫ್ಯಾನನ್ನೇ ತೆಗೆದುಕೊಂಡೆವು. 2,950ಕ್ಕೆ 12% ಬಿಟ್ಟರೆ 2,596. ಗಿರಾಕಿ ಕೊಡಬೇಕಾದ್ದು ಇಷ್ಟೇ, ಇದರೊಳಗೆ ತೆರಿಗೆ ಇದೆ. "ಒಂದು ಬೆಲೆ ಹುಡುಕು. ಅದಕ್ಕೆ 18% ಸೇರಿಸಿದರೆ 2,596 ಆಗಬೇಕು" ಎಂದು ಹುಡುಗನಿಗೆ ಹೇಳಿದೆ. ಅವನ ಮೊದಲ ಸೂತ್ರದ ಪ್ರಕಾರ ತೆರಿಗೆ 467.28, ಬೆಲೆ 2,128.72. ಆ ಬೆಲೆಗೆ 18% ಸೇರಿಸಿ ನೋಡಿದ. 2,511.89 ಬಂತು. 84 ರೂಪಾಯಿ ಎಲ್ಲಿ ಹೋಯಿತು ಎಂದು ಮತ್ತೆ ಕ್ಯಾಲ್ಕುಲೇಟರ್ ಒತ್ತಿದ. ಮೂರನೇ ಸಲ 2,596ನ್ನು 1.18ರಿಂದ ಭಾಗಿಸಿದ. 2,200. ಅದಕ್ಕೆ 18% ಎಂದರೆ 396. ಎರಡೂ ಸೇರಿ 2,596.

18% ಎನ್ನುವುದು ತೆರಿಗೆ ಇಲ್ಲದ ಬೆಲೆಯ ನೂರಕ್ಕೆ ಹದಿನೆಂಟು. ತೆರಿಗೆ ಸೇರಿದ ಮೇಲೆ ಆ ನೂರು 118 ಆಗಿರುತ್ತದೆ. 118ರಲ್ಲಿ 18 ಎಂದರೆ ಸುಮಾರು 15.25% ಮಾತ್ರ. ಹುಡುಗ 118ರ ಮೇಲೆ ಪೂರ್ತಿ 18% ತೆಗೆದಿದ್ದ. ಹಾಗಾಗಿ ಉಳಿದ ಬೆಲೆಗೆ ಹೋಲಿಸಿದರೆ ಅವನ ತೆರಿಗೆ 21.95% ಆಗುತ್ತಿತ್ತು. ಆ ಹತ್ತೂ ಬಿಲ್ ತೆಗೆದು ತೆರಿಗೆಯನ್ನು ಮೌಲ್ಯದಿಂದ ಭಾಗಿಸಿದೆವು. ಹತ್ತರಲ್ಲೂ 21.95. ಬಿಲ್ ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, ಅದೇ ಸಂಖ್ಯೆ. ದರ 18 ಇರುವ ಬಿಲ್‌ನಲ್ಲಿ ಈ 21.95 ಕಂಡರೆ ಬೇರೇನೂ ಹುಡುಕಬೇಕಿಲ್ಲ, ತೆರಿಗೆ ಸೇರಿದ ಬೆಲೆಯ ಮೇಲೆ ಶೇಕಡಾ ಹಾಕಿದ್ದಾರೆ ಎಂದೇ ಅರ್ಥ.

ಆದರೆ ಭಾಗಿಸಿ ನೋಡುವ ಈ ಒಂದೇ ಪರೀಕ್ಷೆ ಸಾಲದು. ಹುಡುಗನ ಎರಡನೇ ಶೀಟ್ ಅದರಲ್ಲಿ ಪಾಸಾಗಿತ್ತಲ್ಲ. ಅದನ್ನು ಹಿಡಿದದ್ದು ರಟ್ಟಿನ ಪೆಟ್ಟಿಗೆ. ಗುತ್ತಿಗೆದಾರರ ಬಿಲ್ಲನ್ನು ಆ ಶೀಟ್‌ನಲ್ಲಿ ಹಾಕಿದ್ದರೆ ಮೊತ್ತ 22,164.65 ಆಗುತ್ತಿತ್ತು, ಆ ಮಾಲಿನ ಎಂಆರ್‌ಪಿಯೇ 21,345 ಇರುವಾಗ. ಅದಕ್ಕೇ ಎರಡು ಪ್ರಶ್ನೆ ಒಟ್ಟಿಗೇ ಕೇಳಬೇಕು. ತೆರಿಗೆ ಭಾಗ ಮೌಲ್ಯ ದರಕ್ಕೆ ಸಮ ಇದೆಯೇ? ಮೌಲ್ಯ ಮತ್ತು ತೆರಿಗೆ ಸೇರಿಸಿದರೆ ಗಿರಾಕಿಗೆ ಹೇಳಿದ ಬೆಲೆಯೇ ಬರುತ್ತದೆಯೇ?

ಪಕ್ಕದ ಅಂಗಡಿಯವರ ಮಾತಿಗೂ ಉತ್ತರ ಬೇಕಿತ್ತು. ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 15 ಪ್ರಕಾರ, ಮಾರುವ ಹೊತ್ತಿಗೇ ಕೊಟ್ಟು ಬಿಲ್‌ನಲ್ಲಿ ಬರೆದ ರಿಯಾಯಿತಿಯನ್ನು ಕಳೆದ ಮೇಲೆ ಉಳಿಯುವ ಬೆಲೆಗೇ ತೆರಿಗೆ. ಬಿಲ್‌ನಲ್ಲಿ ಬರೆದಿರಬೇಕು ಎನ್ನುವುದು ಮುಖ್ಯ. ಬಾಯಲ್ಲಿ ಹೇಳಿ ಕಡಿಮೆ ಹಣ ತೆಗೆದುಕೊಂಡರೆ ಆಗದು. ಇದು ಮುಂದೆ ಯಜಮಾನರಿಗೇ ತಗುಲಿತು.

ಯಜಮಾನರು ಒಂದು ಮಾತು ಬಿಡಲಿಲ್ಲ. "ಮೊತ್ತ ಅದೇ ಇದ್ದ ಮೇಲೆ ಯಾರಿಗೇನು ನಷ್ಟ?" ನಷ್ಟ ಅವರದೇ. ಗುತ್ತಿಗೆದಾರರ ಬಿಲ್‌ನಲ್ಲಿ 12% ಕಳೆದ ಮೊತ್ತಕ್ಕೆ ಸರಿಯಾದ ತೆರಿಗೆ 2,865.30. ಬರೆದದ್ದು 3,381.05. ತೆರಿಗೆ ಎಂದು ಬರೆದು ವಸೂಲಿ ಮಾಡಿದ ಹಣ ಸರ್ಕಾರಕ್ಕೆ ಸೇರಬೇಕು ಎಂದು ಸೆಕ್ಷನ್ 76 ಇದೆ. ಒಂದೇ ಬಿಲ್‌ನಲ್ಲಿ 515 ರೂಪಾಯಿ 75 ಪೈಸೆ ಅವರ ಲಾಭದಿಂದ ಹೋಗುತ್ತಿತ್ತು. ಹತ್ತು ಬಿಲ್ ಸೇರಿ ಐದು ಸಾವಿರ ದಾಟಿತ್ತು. ಇಷ್ಟು ಹೇಳಿದ ಮೇಲೆ ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಒಂದು ಪೈಸೆ

ಹುಡುಗ ಸೂತ್ರ ಬದಲಿಸಿದ. ಮೊತ್ತವನ್ನು 1.18ರಿಂದ ಭಾಗಿಸಿ ಮೌಲ್ಯ ತೆಗೆದ. ತೆರೆಯ ಮೇಲೆ ಕಂಡದ್ದು: ವೈರ್ 5,518.64, ಫ್ಯಾನ್ 6,600.00, ಸ್ವಿಚ್ 2,028.47, ಪೈಪ್ 1,771.19. ಕೆಳಗೆ ಒಟ್ಟು 15,918.31.

ಯಜಮಾನರಿಗೆ ಕಂಪ್ಯೂಟರ್ ಮೇಲೆ ನಂಬಿಕೆ ಕಡಿಮೆ. ಪೆನ್ನು ತೆಗೆದು ನಾಲ್ಕೂ ಸಾಲು ಕೂಡಿದರು. 15,918.30. ಮತ್ತೆ ಕೂಡಿದರು. ಅದೇ. "ಒಂದು ಪೈಸೆ ಜಾಸ್ತಿ ತೋರಿಸ್ತಾ ಇದೆ ಕಣೋ ನಿನ್ನ ಡಬ್ಬ" ಎಂದರು. ಹುಡುಗ ನಕ್ಕ: "ಒಂದು ಪೈಸೆ ತಾನೇ ಮಾವ, ಬಿಡಿ."

ನಾನು ಬಿಡಬೇಡಿ ಎಂದೆ. ಪೈಸೆ ದೊಡ್ಡದೆಂದಲ್ಲ. ಕಾಣುವ ಸಂಖ್ಯೆಗಳನ್ನು ಕೂಡಿದರೆ ಕಾಣುವ ಮೊತ್ತ ಬಾರದ ಬಿಲ್ಲನ್ನು ಗಿರಾಕಿ ನಂಬುವುದಿಲ್ಲ. ಲೆಕ್ಕ ನೋಡುವವರು ಪ್ರತಿಸಲ ಫೋನ್ ಮಾಡುತ್ತಾರೆ. ಆಗಿದ್ದು ಇಷ್ಟೇ. ಹುಡುಗ ಸೆಲ್ ಫಾರ್ಮ್ಯಾಟ್‌ನಲ್ಲಿ ಎರಡು ದಶಮಾಂಶ ಎಂದು ಇಟ್ಟಿದ್ದ. ಅದು ತೋರಿಸುವುದನ್ನು ಮಾತ್ರ ಬದಲಿಸುತ್ತದೆ. ಒಳಗೆ ವೈರ್ 5518.64407, ಸ್ವಿಚ್ 2028.47458, ಪೈಪ್ 1771.18644 ಹಾಗೇ ಇರುತ್ತವೆ. ಎಕ್ಸೆಲ್ ಈ ಅಡಗಿದ ಬಾಲಗಳನ್ನೂ ಸೇರಿಸಿ ಕೂಡಿತು. 15918.30508 ಬಂತು, ಅದನ್ನು .31 ಎಂದು ತೋರಿಸಿತು. ಯಜಮಾನರು ಕಂಡದ್ದನ್ನು ಮಾತ್ರ ಕೂಡಿದರು. ಇಬ್ಬರೂ ತಪ್ಪು ಮಾಡಿರಲಿಲ್ಲ. ಪ್ರಿಂಟ್ ಆದ ಬಿಲ್‌ಗೆ ಬೇಕಾದ್ದು ಮಾತ್ರ ಯಜಮಾನರ ಲೆಕ್ಕ.

```
ಮೌಲ್ಯ (ಪ್ರತಿ ಸಾಲು):  =ROUND(E2/1.18,2)
ಒಟ್ಟು ಮೌಲ್ಯ:         =SUM(H2:H5)
ಸಿಜಿಎಸ್‌ಟಿ:            =ROUND(H6*9%,2)
ಎಸ್‌ಜಿಎಸ್‌ಟಿ:           =ROUND(H6*9%,2)
```

ಈಗ ಮೌಲ್ಯ 15,918.30. ಸಿಜಿಎಸ್‌ಟಿ 1,432.65, ಎಸ್‌ಜಿಎಸ್‌ಟಿ 1,432.65. ಕೂಡಿದರೆ 18,783.60. ಹೇಳಿದ ಬೆಲೆಗೆ ಪೈಸೆ ಪೈಸೆ ಹೊಂದಿತು. ಮೊದಲಿನ 15,918.31 ಇಟ್ಟುಕೊಂಡಿದ್ದರೆ 18,783.61 ಆಗುತ್ತಿತ್ತು.

ಎರಡು ತೆರಿಗೆಯನ್ನೂ ಬೇರೆ ಬೇರೆಯಾಗಿ 9% ಹಾಕಿದ್ದಕ್ಕೆ ಕಾರಣವಿದೆ. ಹಳೇ ಶೀಟ್‌ನಲ್ಲಿ 18% ತೆಗೆದು ಎರಡು ಪಾಲು ಮಾಡುತ್ತಿದ್ದ. ಗುತ್ತಿಗೆದಾರರ ಬಿಲ್‌ನಲ್ಲಿ ಎರಡೂ 1,690.52 ಎಂದು ಬಂದು, ಮೇಲಿದ್ದ ಒಟ್ಟು ತೆರಿಗೆ ಮಾತ್ರ 3,381.05 ಇತ್ತು. ಅರ್ಧ ಅರ್ಧ ಕೂಡಿದರೆ 3,381.04. ಬೆಸ ಪೈಸೆಯನ್ನು ಇಬ್ಬರಿಗೆ ಸಮ ಹಂಚಲು ಬರುವುದಿಲ್ಲ.

ಯಜಮಾನರ ಕೈಬರಹದ ಬಿಲ್‌ಬುಕ್ಕಿನಲ್ಲಿ ಇನ್ನೊಂದು ಅಭ್ಯಾಸ ಇತ್ತು. ಪ್ರತಿ ಸಾಲಿನ ತೆರಿಗೆಯನ್ನೂ ಪೂರ್ತಿ ರೂಪಾಯಿಗೆ ತರುತ್ತಿದ್ದರು. ಸೆಕ್ಷನ್ 170 ರೂಪಾಯಿಗೆ ತರುವ ಮಾತಾಡುತ್ತದೆ ನಿಜ: 50 ಪೈಸೆ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೇಲಿನ ರೂಪಾಯಿ, ಕಡಿಮೆ ಇದ್ದರೆ ಬಿಟ್ಟುಬಿಡುವುದು. ಆದರೆ ಅದು ಕಟ್ಟಬೇಕಾದ ತೆರಿಗೆಯ ಮೊತ್ತದ ಮಾತು, ನಲವತ್ತು ಸ್ವಿಚ್ಚಿನ ಸಾಲಿನದ್ದಲ್ಲ. ನಾವು ತೆರಿಗೆಯ ಸಾಲುಗಳಲ್ಲಿ ಪೈಸೆ ಹಾಗೇ ಉಳಿಸಿ, ಬಿಲ್‌ನ ಕಟ್ಟಕಡೆಯ ಮೊತ್ತವನ್ನು ಮಾತ್ರ ರೂಪಾಯಿಗೆ ತಂದೆವು.

283.60

ಫೋನಿನ ಎರಡನೇ ಪ್ರಶ್ನೆ ಬಾಕಿ ಇತ್ತು. ಹತ್ತಿರದ ರೂಪಾಯಿಗೆ ತರುವ ರೌಂಡ್ ಆಫ್ ಎಂದೂ 50 ಪೈಸೆ ದಾಟುವುದಿಲ್ಲ. ಮತ್ತೆ 283 ರೂಪಾಯಿ ಹೇಗೆ?

ಯಜಮಾನರು ನಗುತ್ತಾ ಒಪ್ಪಿಕೊಂಡರು. ಗುತ್ತಿಗೆದಾರರು ಹೋಗುವಾಗ "ಹದಿನೆಂಟೂವರೆ ಮಾಡ್ಕೊಳ್ಳಿ" ಎಂದರು, ಇವರು "ಆಯ್ತು" ಎಂದರು. ಹುಡುಗನಿಗೆ ಆ ಹಣ ಎಲ್ಲಿ ಹಾಕಬೇಕೆಂದು ಗೊತ್ತಾಗಲಿಲ್ಲ. ಖಾಲಿ ಇದ್ದ ಸಾಲು ಅದೊಂದೇ. ಅಲ್ಲಿ ಹಾಕಿದ.

ಇದು ಚೌಕಾಸಿ. ಅಂದರೆ ರಿಯಾಯಿತಿ. ತೆರಿಗೆ ಹಾಕಿದ ಮೇಲೆ ಬಿಟ್ಟರೆ, ಸಿಗದ ಹಣಕ್ಕೂ ಯಜಮಾನರೇ ತೆರಿಗೆ ಕಟ್ಟಿದ ಹಾಗೆ. ತೆರಿಗೆಗೆ ಮೊದಲೇ, ಬಿಲ್‌ನಲ್ಲಿ ವಿಶೇಷ ರಿಯಾಯಿತಿ ಎಂಬ ಸಾಲು ಮಾಡಿ ತೋರಿಸಿದರೆ ಸೆಕ್ಷನ್ 15ರ ಲೆಕ್ಕಕ್ಕೆ ಬರುತ್ತದೆ. 283.60 ತೆರಿಗೆ ಸೇರಿದ ಮಾತಾದ್ದರಿಂದ ಅದನ್ನೂ 1.18ರಿಂದ ಭಾಗಿಸಿದೆವು. 240.34. ಮೌಲ್ಯ 15,918.30ರಿಂದ ಇದನ್ನು ಕಳೆದರೆ 15,677.96. ಸಿಜಿಎಸ್‌ಟಿ 1,411.02, ಎಸ್‌ಜಿಎಸ್‌ಟಿ 1,411.02. ಮೊತ್ತ ಸರಿಯಾಗಿ 18,500.00. ರೌಂಡ್ ಆಫ್ ಸೊನ್ನೆ. ತೆರಿಗೆ ಒಟ್ಟು 2,822.04, ಮೊದಲ ಬಿಲ್‌ಗಿಂತ 559 ರೂಪಾಯಿ ಒಂದು ಪೈಸೆ ಕಡಿಮೆ.

ಎಲ್ಲ ಬಿಲ್‌ನಲ್ಲೂ ಇಷ್ಟು ಚೆನ್ನಾಗಿ ಸೊನ್ನೆ ಬರುವುದಿಲ್ಲ. ಒಂದೆರಡು ಪೈಸೆ ಆಚೀಚೆ ಆಗುತ್ತದೆ, ಅದಕ್ಕೆ ರೌಂಡ್ ಆಫ್ ಸಾಲು ಇರಲಿ ಎಂದು ಉಳಿಸಿದೆವು. 50 ಪೈಸೆ ದಾಟಿದರೆ ಸೆಲ್ ಕೆಂಪಾಗುವ ಹಾಗೆ ಹುಡುಗ ಮಾಡಿದ.

ಹೊರಟುಹೋದ ಬಿಲ್‌ಗಳು

ಆ ತಿಂಗಳು ಇನ್ನೂ ಮುಗಿದಿರಲಿಲ್ಲ. ತಿಂಗಳ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1 ಹಾಕಲು ಮುಂದಿನ ತಿಂಗಳ 11ರವರೆಗೆ ಸಮಯವಿತ್ತು. ಇದೊಂದೇ ನಮ್ಮನ್ನು ಉಳಿಸಿದ್ದು. ರಿಟರ್ನ್ ಹಾಕಿದ ಮೇಲಾಗಿದ್ದರೆ ಒಂದೊಂದೇ ಬಿಲ್ಲನ್ನು ಬೇರೆಯಾಗಿ ತಿದ್ದಬೇಕಿತ್ತು.

ಜಿಎಸ್‌ಟಿ ನೋಂದಣಿ ಇದ್ದ ಗಿರಾಕಿಗಳ ಬಿಲ್ ಮಾತ್ರ ಬದಲಿಸಿದರೆ ಸಾಕಲ್ಲವೇ ಎಂದು ಯಜಮಾನರು ಕೇಳಿದರು. ಅಂಥವರು ಮೂರೇ ಜನ. ಮನೆ ಕಟ್ಟುವವರಿಗೆ, ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ಬೇಡ, ಅವರು ಬಿಲ್ ನೋಡುವುದೂ ಇಲ್ಲ. ನಾನು ಒಪ್ಪಲಿಲ್ಲ. ಅವರ ಕೈಯಲ್ಲಿರುವ ಕಾಗದದಲ್ಲಿ ಜಾಸ್ತಿ ತೆರಿಗೆ ಬರೆದಿರುವಾಗ ನಮ್ಮ ಶೀಟ್‌ನಲ್ಲಿ ಕಡಿಮೆ ತೋರಿಸಿದರೆ, ನಾಳೆ ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟರೆ ಉತ್ತರವಿರುವುದಿಲ್ಲ. ಎಲ್ಲರೂ ಗುರುತಿನವರು, ಎಲ್ಲರ ಫೋನ್ ನಂಬರ್ ಇತ್ತು. ಫ್ಯಾನಿನವರದ್ದೂ ಸೇರಿಸಿ ಹನ್ನೊಂದು ಬಿಲ್ ರದ್ದು ಮಾಡಿ, ಹೊಸ ನಂಬರಿನಲ್ಲಿ ಹನ್ನೊಂದು ಬಿಲ್ ಮಾಡಿದೆವು. ರದ್ದಾದವುಗಳಿಗೆ ಅಡ್ಡಗೆರೆ ಎಳೆದು ಫೈಲಿನಲ್ಲಿ ಇಟ್ಟೆವು, ಜಿಎಸ್‌ಟಿಆರ್-1ರ ಟೇಬಲ್ 13ರಲ್ಲಿ ರದ್ದಾದ ಬಿಲ್‌ಗಳ ಸಂಖ್ಯೆ ಕೊಡಬೇಕಾಗುತ್ತದೆ.

ಹತ್ತು ಜನರಿಗೆ ಒಂದು ರೂಪಾಯಿಯೂ ವಾಪಸ್ ಕೊಡುವುದಿರಲಿಲ್ಲ, ಮೊತ್ತ ಬದಲಾಗಿರಲಿಲ್ಲ. ಫ್ಯಾನಿನವರಿಗೆ 2,596ರ ಬಿಲ್ ಮತ್ತು 467 ರೂಪಾಯಿ ಹಿಂದಕ್ಕೆ ಕೊಟ್ಟದ್ದು ಯಜಮಾನರೇ, ಅವರ ಮನೆಗೇ ಹೋಗಿ. ಗುತ್ತಿಗೆದಾರರ ಆಫೀಸಿನ ಆ ಹೆಂಗಸು ಹೊಸ ಬಿಲ್ ಹಾಕಿ ನೋಡಿ "ಕೂತ್ಕೊಂಡ್ತು ಸರ್" ಎಂದು ಮೆಸೇಜ್ ಮಾಡಿದರು.

ಶೀಟ್‌ನಲ್ಲಿ ಇನ್ನೂ ಒಂದು ಕೊರತೆ ಉಳಿದಿತ್ತು. ಅದು ಗೊತ್ತಾದದ್ದು ಒಂದು ತಿಂಗಳಾದ ಮೇಲೆ. ಯಜಮಾನರು ಸೋಲಾರ್ ದೀಪ ತರಿಸಿದರು. ಅದಕ್ಕೆ 2025ರ ಸೆಪ್ಟೆಂಬರ್ 22ರಿಂದ ದರ 5%. ಹುಡುಗನ ಸೂತ್ರದಲ್ಲಿ 1.18 ಎಂದು ನೇರವಾಗಿ ಬರೆದಿದ್ದರಿಂದ ಶೀಟ್ ದೀಪಕ್ಕೂ 18% ತೆಗೆಯಿತು. ಈ ಸಲ ಹುಡುಗನೇ ಪ್ರಿಂಟ್ ಒತ್ತುವ ಮೊದಲು ಕಂಡುಹಿಡಿದ. ದರಕ್ಕೊಂದು ಕಾಲಂ ಮಾಡಿ `=ROUND(E2/(1+F2),2)` ಎಂದು ತಿದ್ದಿದ. ತೆರಿಗೆಯನ್ನೂ ದರವಾರು ಬೇರೆ ಬೇರೆ ಕೂಡುವ ಹಾಗೆ ಮಾಡಿದ. ಚೌಕಾಸಿಯ ಸಾಲು ಮಾತ್ರ ತೊಡಕಾಯಿತು. ಎರಡು ದರದ ಮಾಲಿರುವ ಬಿಲ್‌ನಲ್ಲಿ ಬಿಟ್ಟ ಹಣವನ್ನು 5%ರ ಮಾಲಿಗೆ ಎಷ್ಟು, 18%ರ ಮಾಲಿಗೆ ಎಷ್ಟು ಎಂದು ಹಂಚಬೇಕು. ಈಗ ಆಯಾ ಸಾಲಿನ ಮೊತ್ತದ ಪ್ರಮಾಣಕ್ಕೆ ಹಂಚುತ್ತಾನೆ. ಗಿರಾಕಿ "ಇಷ್ಟು ಮಾಡ್ಕೊಳ್ಳಿ" ಎಂದು ಶುರು ಮಾಡಿದರೆ ಯಜಮಾನರು ಒಳಗಡೆ ತಿರುಗಿ ಕೂಗುತ್ತಾರೆ: "ಲೋ, ಪ್ರಿಂಟ್ ಕೊಡಬೇಡ, ತಡಿ!"